ನಾಲ್ಕು ಬದಿ ಗೊತ್ತಿದ್ದರೆ ಸಾಲದು, ಮೂಲೆಯಿಂದ ಮೂಲೆಗೆ ಅಳೀಬೇಕು

ರಾಗಿ ಕೊಯ್ಲು ಮುಗಿದು ಹೊಲ ಬಯಲಾಗಿದೆ. ಭಾಗ, ಕ್ರಯ, ಬದುವಿನ ಜಗಳ ಇವೆಲ್ಲಾ ನಮ್ಮ ಕಡೆ ಶುರುವಾಗೋದೂ ಈ ಟೈಮಲ್ಲೇ. ಈ ಸಲ ನಮ್ಮ ಮನೇಲೂ ಒಂದು ಲೆಕ್ಕದ ವಿಷಯ ಬಂತು. ಅಕ್ಕ ತಮ್ಮನ ನಡುವೆ ಮನಸ್ತಾಪ ಆಗೋ ಹಂತಕ್ಕೆ ಹೋಗಿ ವಾಪಸ್ ಬಂತು. ಅದೇ ಲೆಕ್ಕವನ್ನ ನಮ್ಮೂರಲ್ಲಿ, ಪಕ್ಕದೂರಲ್ಲಿ ಎಲ್ಲರೂ ಮಾಡ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೀತಿದ್ದೀನಿ.

ನಮ್ಮಕ್ಕ ಮದುವೆಯಾಗಿ ಬೆಂಗಳೂರಿನ ಹನುಮಂತನಗರದಲ್ಲಿದ್ದಾಳೆ. ಭಾವನವರದ್ದು ಮೂಲದಲ್ಲಿ ನಮ್ಮೂರೇ. ಅವರ ತಂದೆಯವರ ಕಾಲದಲ್ಲಿ ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡರು. ಪೋಡಿ ಆಗಿಲ್ಲ, ಪಹಣಿ ಇವತ್ತಿಗೂ ಜಂಟಿಯಲ್ಲೇ ಇದೆ. ಭಾವನ ಭಾಗಕ್ಕೆ ಬಂದ ಹೊಲ ನಮ್ಮ ಹೊಲಕ್ಕೆ ಅಂಟಿಕೊಂಡೇ ಇದೆ. ಇಷ್ಟು ವರ್ಷ ಅದನ್ನ ಊರಿನವರೊಬ್ಬರು ವಾರಕ್ಕೆ ಮಾಡ್ತಿದ್ದರು. ಈ ವರ್ಷ ಅಕ್ಕ ಫೋನ್ ಮಾಡಿ, "ಮಗಳ ಓದಿಗೆ ದುಡ್ಡು ಬೇಕು ಕಣೋ, ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ, ನೀನೇ ತಗೋ" ಅಂದಳು. ಗುಂಟೆಗೆ ಎರಡೂವರೆ ಲಕ್ಷ ಅಂತ ಮಾತಾಯ್ತು. ಉಳಿದಿದ್ದು ಎಷ್ಟು ಗುಂಟೆ ಅನ್ನೋ ಪ್ರಶ್ನೆ ಮಾತ್ರ.

ಅದಕ್ಕೆ ಭಾವ ಒಂದು ಫೋಟೋ ಕಳಿಸಿದರು. ಭಾಗ ಆದಾಗ ಅವರ ತಂದೆ ಹಾಳೆ ಮೇಲೆ ಕೈಯಲ್ಲಿ ಬರೆದ ಚಿತ್ರ. ಒಂದು ಚೌಕಟ್ಟು, ನಾಲ್ಕು ಕಡೆ ನಾಲ್ಕು ಅಂಕಿ, ಅಡಿ ಲೆಕ್ಕದಲ್ಲಿ. ಜೊತೆಗೆ ಒಂದು ಸಾಲು: "ಲೆಕ್ಕ ಹಾಕಿಸಿದ್ದೀನಿ, 29 ಗುಂಟೆ 6 ಆಣೆ ಬರುತ್ತೆ." ಲೆಕ್ಕ ಹಾಕಿದ್ದು ಒಬ್ಬ ದಲ್ಲಾಳಿ. ಅವರ ಮನೆಗೆ ಬಂದು, ಮೂಲ ಚೀಟಿ ನೋಡಿಯೇ ಹಾಕಿದ್ದು.

ಆ ಲೆಕ್ಕದ ರೀತಿ ನಮಗೆಲ್ಲಾ ಗೊತ್ತಿರೋದೇ. ಎದುರು ಬದುರು ಬದಿ ಎರಡನ್ನೂ ಕೂಡಿ ಅರ್ಧ ಮಾಡೋದು, ಇನ್ನೆರಡನ್ನೂ ಹಾಗೇ ಮಾಡೋದು, ಬಂದ ಎರಡು ಅಂಕಿ ಗುಣಿಸೋದು. ಚದರಡಿ ಸಿಗುತ್ತೆ. ಅದನ್ನ 1089 ರಿಂದ ಭಾಗಿಸಿದರೆ ಗುಂಟೆ, ಯಾಕಂದ್ರೆ 33 ಅಡಿಗೆ 33 ಅಡಿ ಒಂದು ಗುಂಟೆ. ಉಳಿದ ಭಿನ್ನವನ್ನ 16 ರಿಂದ ಗುಣಿಸಿದರೆ ಆಣೆ. ಟ್ರ್ಯಾಕ್ಟರ್ ಉಳುಮೆಗೆ ಎಷ್ಟು ಎಕರೆ, ಕೂಲಿ ಎಷ್ಟು ಅಂತ ಹಾಕೋಕೆ ನಾನೂ ಎಷ್ಟೋ ಸಲ ಹೀಗೇ ಮಾಡಿದ್ದೀನಿ.

ಫೋಟೋ ನೋಡಿ ನಾನೂ ಅದೇ ಲೆಕ್ಕ ಹಾಕಿದೆ. ರಸ್ತೆ ಬದಿ 210, ಹಳ್ಳದ ಬದಿ 190, ನಮ್ಮ ಹೊಲದ ಕಡೆ ಬದು 170, ಪೂರ್ವದ ಬದು 180. ನನಗೆ ಬಂದಿದ್ದು 32 ಗುಂಟೆ 2 ಆಣೆ. ಭಾವ ಹೇಳಿದ್ದಕ್ಕಿಂತ ಪೌಣೇ ಮೂರು ಗುಂಟೆ ಜಾಸ್ತಿ! ಕೊಳ್ಳೋನೇ ಜಾಸ್ತಿ ಲೆಕ್ಕ ಹಾಕಿದ್ದೀನಿ ಅಂತ ನಗು ಬಂತು. ಆಮೇಲೆ ಚೀಟಿಯನ್ನ ಬೆಳಕಲ್ಲಿ ಚಪ್ಪಟೆಯಾಗಿ ಇಟ್ಟು, ನೇರ ಮೇಲಿಂದ ಇನ್ನೊಂದು ಫೋಟೋ ತೆಗೆದು ಕಳಿಸಿ ಅಂದೆ. ಅದರಲ್ಲಿ ಗೊತ್ತಾಯ್ತು, ಪೂರ್ವದ ಬದು 180 ಅಲ್ಲ, 150. ಹಾಳೆ ಮಡಚಿದ ಗೆರೆ ಸರಿಯಾಗಿ 5 ರ ಮೇಲೇ ಹೋಗಿತ್ತು. ಆ ಗೆರೆ, ಮೇಲೆ ಬಿದ್ದ ಫೋನಿನ ನೆರಳು ಎರಡೂ ಸೇರಿ 5 ನನ್ನ ಕಣ್ಣಿಗೆ 8 ಆಗಿತ್ತು.

ಹಾಗಾಗಿ ಫೋಟೋ ನೋಡಿ ಲೆಕ್ಕ ಹಾಕೋ ಮೊದಲು ಇದೊಂದು ಕೆಲಸ ಮಾಡಿ. ಓದಿದ ಅಂಕಿಗಳನ್ನೆಲ್ಲಾ ಬರೆದು ಚೀಟಿ ಇಟ್ಟುಕೊಂಡಿರೋರಿಗೆ ವಾಪಸ್ ಕಳಿಸಿ. ಅವರು ಮೂಲ ಚೀಟಿ ನೋಡಿ ಒಂದೊಂದೇ ಅಂಕಿಯನ್ನ ಬಾಯಲ್ಲಿ ಹೇಳಲಿ. 1 ಮತ್ತು 7, 5 ಮತ್ತು 8, 0 ಮತ್ತು 6 ಹೀಗೆ ಮೋಸ ಮಾಡ್ತವೆ. ಹಳೇ ಚೀಟಿಯಲ್ಲಿ ಕನ್ನಡ ಅಂಕಿ ಇದ್ದರೆ ೬ ಮತ್ತು ೯ ನೋಡಿಕೊಳ್ಳಿ. 150.6 ಅಂತ ಬರೆದಿದ್ದರೆ ಅದು ನೂರೈವತ್ತಡಿ ಆರಿಂಚೋ, ನೂರೈವತ್ತು ಪಾಯಿಂಟ್ ಆರು ಅಡಿಯೋ ಅಂತಲೂ ಕೇಳಿ. ನಮ್ಮ ಹಿರಿಯರು ಬರೆದಿದ್ದರೆ ಹೆಚ್ಚಾಗಿ ಅಡಿ-ಇಂಚೇ ಆಗಿರುತ್ತೆ.

ಸರಿ, 150 ಅಂತ ಹಾಕಿದಾಗ ದಲ್ಲಾಳಿ ಲೆಕ್ಕವೇ ಬಂತು. 210 ಮತ್ತು 190 ರ ಸರಾಸರಿ 200. 150 ಮತ್ತು 170 ರ ಸರಾಸರಿ 160. ಗುಣಿಸಿದರೆ 32,000 ಚದರಡಿ, ಅಂದರೆ 29 ಗುಂಟೆ 6 ಆಣೆ. ದುಡ್ಡಿನ ಲೆಕ್ಕದಲ್ಲಿ ಹೆಚ್ಚು ಕಮ್ಮಿ ಎಪ್ಪತ್ತಮೂರೂವರೆ ಲಕ್ಷ.

ಆದರೆ ನನಗೊಂದು ಅನುಮಾನ ಕಾಡೋಕೆ ಶುರುವಾಯ್ತು. ಚೀಟಿಯಲ್ಲಿ ಚಿತ್ರ ಹೆಚ್ಚು ಕಮ್ಮಿ ಲಕೋಟೆ ಆಕಾರದಲ್ಲಿದೆ, ನಾಲ್ಕು ಮೂಲೆಯೂ ನೇರ. ಆ ಹೊಲವನ್ನ ನಾನು ಹುಟ್ಟಿದಾಗಿಂದ ನೋಡಿದ್ದೀನಿ. ಅದು ಲಕೋಟೆ ಹಾಗಿಲ್ಲ. ರಸ್ತೆ ಕಡೆ ಮೋರಿ ಇರೋ ಮೂಲೆ ಚೂಪಾಗಿ ಮುಂದಕ್ಕೆ ಹೋಗಿದೆ, ಅದರ ಎದುರಿನ ಹೊಂಗೆಮರದ ಮೂಲೆಯೂ ಚೂಪು. ಯಾರೋ ಪಕ್ಕದಿಂದ ತಳ್ಳಿದ ಹಾಗೆ ಇಡೀ ಹೊಲ ವಾಲಿಕೊಂಡಿದೆ. ವಾಲಿದ ಹೊಲಕ್ಕೆ ಸರಾಸರಿ ಲೆಕ್ಕ ಸರಿ ಹೋಗಲ್ಲ. ಇದನ್ನ ಫೋನಲ್ಲಿ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಳ್ಳೋನ ಲೆಕ್ಕದಲ್ಲಿ ಕಮ್ಮಿ ಬರೋದು ಸಹಜ ಬಿಡಪ್ಪಾ" ಅಂದರು. ನಗುತ್ತಲೇ ಅಂದಿದ್ದು. ಆದರೂ ಆ ಮಾತು ಚುಚ್ಚಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ಕೊಳ್ತಿದ್ದೆನೇನೋ.

ಫೋನಲ್ಲಿ ಇದು ಬಗೆಹರಿಯಲ್ಲ ಅನಿಸಿತು. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೇಗೂ ಹೋಗೋದಿತ್ತು. ಬಸವಣ್ಣನ ದರ್ಶನ ಮಾಡಿ, ಎರಡು ಸೇರು ಕಾಯಿ ಕಟ್ಟಿಸಿಕೊಂಡು, ಅಲ್ಲಿಂದ ನಡೆದೇ ಹನುಮಂತನಗರಕ್ಕೆ ಹೋದೆ. ಅಕ್ಕ ಕಾಫಿ ಕೊಟ್ಟಳು. ಭಾವ ಚೀಟಿ ತಂದು ಟೀಪಾಯಿ ಮೇಲೆ ಇಟ್ಟರು.

ಮೊದಲು ಭಾವನೇ ಒಂದು ಉಪಾಯ ಹೇಳಿದರು. "ನಿನಗೆ ಮೂಲೆಯಿಂದ ಮೂಲೆಗೆ ಅಳತೆ ತಾನೇ ಬೇಕು? ಚಿತ್ರದ ಮೇಲೇ ಸ್ಕೇಲಿಟ್ಟು ಅಳೆದುಬಿಡೋಣ." ನೋಡೋಕೆ ಸರಿ ಅನಿಸೋ ಮಾತು. ಹಾಗಾದ್ರೆ ಮೊದಲು ಗೊತ್ತಿರೋ ಬದಿಗಳನ್ನೇ ಅಳೆದು ನೋಡೋಣ ಅಂದೆ. 210 ಅಡಿ ಬದಿ ಹಾಳೆ ಮೇಲೆ 9 ಸೆಂಟಿಮೀಟರ್ ಇತ್ತು. 150 ಅಡಿ ಬದಿ 8 ಸೆಂಟಿಮೀಟರ್ ಇತ್ತು. ಮೊದಲನೇದರಲ್ಲಿ ಒಂದು ಸೆಂಟಿಮೀಟರಿಗೆ 23 ಅಡಿ ಬಿದ್ದರೆ, ಎರಡನೇದರಲ್ಲಿ 19 ಅಡಿಯೂ ಬೀಳಲ್ಲ. ಅಂದರೆ ಚಿತ್ರ ಅಳತೆಗೆ ಬರೆದದ್ದಲ್ಲ, ಗುರುತಿಗೆ ಬರೆದದ್ದು. ಅಂಥಾ ಚಿತ್ರದಲ್ಲಿ ಅಂಕಿ ಮಾತ್ರ ನಿಜ, ಗೆರೆ ನಿಜ ಅಲ್ಲ. ಇನ್ನು ಫೋಟೋ ಆದರಂತೂ ಫೋನ್ ಓರೆ ಹಿಡಿದಷ್ಟೂ ದೂರದ ಗೆರೆ ಕುಗ್ಗಿ ಹತ್ತಿರದ ಗೆರೆ ಹಿಗ್ಗುತ್ತೆ. ಚೀಟಿ ಮೇಲಾಗಲಿ ಫೋಟೋ ಮೇಲಾಗಲಿ ಸ್ಕೇಲಿಟ್ಟು ಹೊಸ ಅಳತೆ ಹುಟ್ಟಿಸೋಕೆ ಹೋಗಬೇಡಿ.

"ಸರಿ, ನಾಲ್ಕೂ ಬದಿ ಗೊತ್ತಿದೆಯಲ್ಲ, ಅಷ್ಟು ಸಾಲಲ್ವಾ?" ಅಂದರು ಭಾವ. ಇದೇ ಮುಖ್ಯ ಪ್ರಶ್ನೆ. ಬಾಯಲ್ಲಿ ಹೇಳೋ ಬದಲು ಅಕ್ಕನ ಹತ್ತಿರ ತೆಂಗಿನ ಪೊರಕೆಯಿಂದ ನಾಲ್ಕು ಕಡ್ಡಿ ಕಿತ್ಕೊಂಡೆ. ಹತ್ತು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ 21, 15, 19, 17 ಸೆಂಟಿಮೀಟರಿಗೆ ಕತ್ತರಿಸಿ, ಚೀಟಿಯಲ್ಲಿರೋ ಕ್ರಮದಲ್ಲೇ ತುದಿಗೆ ತುದಿ ದಾರದಿಂದ ಸಡಿಲವಾಗಿ ಕಟ್ಟಿದೆ. ಆಗ ಆ ಹೊಲದ ಚೌಕಟ್ಟೇ ಟೀಪಾಯಿ ಮೇಲೆ ಬಂತು. ಮೂಲೆಗಳನ್ನ ಆದಷ್ಟು ನೇರ ಮಾಡಿ ಇಟ್ಟು, ಒಳಗೆ ಪರಿಷೆ ಕಡಲೆಕಾಯಿಯನ್ನ ಒಂದೇ ಪದರ ಬರೋ ಹಾಗೆ ಒತ್ತೊತ್ತಾಗಿ ತುಂಬಿದೆ. "ಈಗ ಎರಡು ಎದುರು ಮೂಲೆ ಹಿಡಿದು ಮೆಲ್ಲಗೆ ಒತ್ತಿ ಭಾವ" ಅಂದೆ. ಒತ್ತಿದರು. ಚೌಕಟ್ಟು ವಾಲಿತು. ಒಳಗೆ ಜಾಗ ಸಾಲದೆ ಕಾಯಿ ಒಂದರ ಮೇಲೊಂದು ಹತ್ತಿ, ಕೆಲವು ಆಚೆ ಬಿದ್ದವು. ಇನ್ನೂ ಒತ್ತಿದಾಗ ಇನ್ನಷ್ಟು ಬಿದ್ದವು. ಕಡ್ಡಿ ಒಂದೂ ಮೋಟು ಆಗಿಲ್ಲ, ನಾಲ್ಕು ಬದಿಯ ಅಳತೆ ಅಷ್ಟೇ ಇದೆ. ಆದರೆ ಒಳಗಿನ ಜಾಗ ಕಮ್ಮಿ ಆಗ್ತಾನೇ ಹೋಯ್ತು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದೋಳು, "ಹಾಗಾದ್ರೆ ನಮ್ಮ ಹೊಲ ಎಷ್ಟು ವಾಲಿದೆ ಅಂತ ಗೊತ್ತಾಗದೇ ಎಷ್ಟು ಗುಂಟೆ ಅಂತ ಹೇಳೋಕೇ ಆಗಲ್ವಾ?" ಅಂದಳು. ಆಗಲ್ಲ. ಮೂರು ಕಡ್ಡಿ ಕಟ್ಟಿದ ತ್ರಿಕೋನ ಅಲ್ಲಾಡಲ್ಲ, ಮೂರು ಬದಿ ಗೊತ್ತಿದ್ದರೆ ಅದರ ಜಾಗ ಒಂದೇ. ನಾಲ್ಕು ಬದಿಯದ್ದು ಹಾಗಲ್ಲ. ಅದಕ್ಕೆ ಐದನೇ ಕಡ್ಡಿ ಬೇಕು, ಒಂದು ಮೂಲೆಯಿಂದ ಎದುರು ಮೂಲೆಗೆ. ಆ ಐದನೇ ಕಡ್ಡಿ ಕಟ್ಟಿದ ಕೂಡಲೇ ಚೌಕಟ್ಟು ಎರಡು ತ್ರಿಕೋನ ಆಗಿ ಗಟ್ಟಿಯಾಗುತ್ತೆ. ಪುಸ್ತಕದಲ್ಲಿ ಇದಕ್ಕೆ ಕರ್ಣ ಅಂತಾರೆ.

ಸರಾಸರಿ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಅದು ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ತೋರಿಸಲ್ಲ. ಹೊಲದ ನಾಲ್ಕೂ ಮೂಲೆ ನೇರ ಇದ್ದರೆ ಸರಿಯಾಗಿ ಬರುತ್ತೆ, ಇಲ್ಲದಿದ್ದರೆ ಯಾವಾಗಲೂ ಹೆಚ್ಚೇ ಬರುತ್ತೆ. ಗೋಡೆಗೆ ಒರಗಿಸಿದ ಏಣಿ ನೆನೆಸಿಕೊಳ್ಳಿ. ಹತ್ತಡಿ ಏಣಿ ಓರೆಯಾಗಿ ನಿಂತರೆ ಹತ್ತಡಿ ಎತ್ತರ ಮುಟ್ಟಲ್ಲ. ಹಾಗೇ ಓರೆಯಾದ ಬದುವಿನ ಉದ್ದ ಹೊಲದ ನಿಜವಾದ ಅಗಲಕ್ಕಿಂತ ಜಾಸ್ತಿ ಇರುತ್ತೆ. ನಾವು ಬದುವಿನ ಉದ್ದವನ್ನೇ ಅಗಲ ಅಂತ ಹಿಡಿದು ಗುಣಿಸ್ತೀವಿ. ನಮ್ಮ ಈ ನಾಲ್ಕು ಅಂಕಿಗಳಿಗೆ ಹೊಲವನ್ನ ಹೇಗೇ ತಿರುಗಿಸಿ ಜೋಡಿಸಿದರೂ 31,897 ಚದರಡಿಗಿಂತ ಜಾಸ್ತಿ ಬರೋಕೆ ಸಾಧ್ಯವೇ ಇಲ್ಲ. ಸರಾಸರಿ ಲೆಕ್ಕ ಕೊಟ್ಟಿದ್ದು 32,000. ಅಂದರೆ ಇರೋಕೇ ಸಾಧ್ಯವಿಲ್ಲದ ಜಾಗಕ್ಕೂ ಅದು ಬೆಲೆ ಕಟ್ಟಿತ್ತು.

ಇದು ಹೊಸ ವಿಷಯವೇನಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಈ ಸರಾಸರಿ ಲೆಕ್ಕ ಇದೆ, ಆದರೆ ಅದನ್ನ ವ್ಯಾವಹಾರಿಕ ಲೆಕ್ಕ, ಅಂದರೆ ಅಂದಾಜಿನದ್ದು ಅಂತ ಬೇರೆ ಇಟ್ಟು, ಸರಿಯಾದ ಲೆಕ್ಕವನ್ನ ಸೂಕ್ಷ್ಮ ಅಂತ ಬೇರೆ ಹೇಳಿದ್ದಾರೆ. ಆಮೇಲೆ ಬಂದ ಭಾಸ್ಕರಾಚಾರ್ಯರು 'ಲೀಲಾವತಿ'ಯಲ್ಲಿ, ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ನಾಲ್ಕು ಬದಿಯ ಹೊಲದ ವಿಸ್ತೀರ್ಣ ಕೇಳೋನಿಗೂ, ಅದಕ್ಕೆ ಉತ್ತರ ಹೇಳೋನಿಗೂ ಚೆನ್ನಾಗಿ ಬೈದಿದ್ದಾರೆ. ನಮ್ಮ ದಲ್ಲಾಳಿ ಮೋಸ ಮಾಡಿದರು ಅಂತ ನಾನು ಹೇಳಲ್ಲ. ಅಂದಾಜಿಗೆ ಇಟ್ಟಿದ್ದ ಲೆಕ್ಕ ಕ್ರಯದ ಲೆಕ್ಕ ಆಗಿಬಿಟ್ಟಿದೆ, ಅಷ್ಟೇ.

ಮುಂದಿನ ಭಾನುವಾರ ಅಕ್ಕ ಭಾವ ಇಬ್ಬರೂ ಊರಿಗೆ ಬಂದರು. ರಾಗಿ ಕೊಯ್ದು ಹೊಲ ಖಾಲಿ ಇತ್ತು, ಟೇಪು ನೇರ ಎಳೆಯೋಕೆ ಅಡ್ಡಿ ಇರಲಿಲ್ಲ. ಮೊದಲು ನಾಲ್ಕು ಮೂಲೆ ಯಾವುದು ಅಂತ ಎಲ್ಲರೂ ಒಪ್ಪಿಕೊಂಡು ಗೂಟ ಹೊಡೆದೆವು. ವಾರಕ್ಕೆ ಮಾಡ್ತಿದ್ದವರನ್ನೂ, ಹಳ್ಳದ ಕಡೆಯ ಹೊಲದವರನ್ನೂ ಕರೆದಿದ್ದೆವು. ಚೀಟಿಯ ನಾಲ್ಕು ಅಳತೆ ಮತ್ತೆ ಹಿಡಿದೆವು, ಎಲ್ಲವೂ ಅರ್ಧ ಅಡಿಯೊಳಗೆ ಸರಿ ಬಂದವು. ಭಾವನ ತಂದೆ ಅಳೆದಿದ್ದರಲ್ಲಿ ತಪ್ಪಿರಲಿಲ್ಲ. ಆಮೇಲೆ ರಸ್ತೆ ಕಡೆಯ ಹುಣಸೆಮರದ ಮೂಲೆಯಿಂದ ಹಳ್ಳದ ಮೂಲೆಗೆ ಹಿಡಿದೆವು. ನೂರಡಿ ಟೇಪು, ಅದಕ್ಕೇ ನಡುವೆ ಒಂದು ಗೂಟ ಬೇಕು. ಆ ಗೂಟ ಎರಡು ಮೂಲೆಯ ಸಾಲಿನಲ್ಲೇ ಇದೆಯಾ ಅಂತ ಒಬ್ಬರು ಒಂದು ತುದಿಯಲ್ಲಿ ನಿಂತು ಕಣ್ಣಲ್ಲಿ ಹಿಡಿದು ನೋಡಬೇಕು, ಇಲ್ಲದಿದ್ದರೆ ಅಳತೆ ಡೊಂಕಾಗಿ ಜಾಸ್ತಿ ಬರುತ್ತೆ. ಟೇಪು ಜೋತು ಬೀಳಬಾರದು, ಇಳಿಜಾರಿದ್ದರೆ ಟೇಪನ್ನ ಮಟ್ಟಸವಾಗಿ ಹಿಡೀಬೇಕು. ಬಂದಿದ್ದು 200 ಅಡಿ.

ಈಗ ಹೊಲ ಎರಡು ತ್ರಿಕೋನ. ಒಂದೊಂದಕ್ಕೂ ಲೆಕ್ಕ ಒಂದೇ ರೀತಿ. ಮೂರು ಬದಿ ಕೂಡಿ ಅರ್ಧ ಮಾಡಿ. ಆ ಅರ್ಧದಿಂದ ಒಂದೊಂದು ಬದಿಯನ್ನೂ ಬೇರೆ ಬೇರೆಯಾಗಿ ಕಳೆಯಿರಿ, ಮೂರು ಅಂಕಿ ಸಿಗುತ್ತೆ. ಆ ಅರ್ಧ ಮತ್ತು ಈ ಮೂರು, ಒಟ್ಟು ನಾಲ್ಕು ಅಂಕಿಯನ್ನ ಗುಣಿಸಿ, ಫೋನಿನ ಕ್ಯಾಲ್ಕುಲೇಟರಿನಲ್ಲಿ √ ಗುಂಡಿ ಒತ್ತಿ. ಅದೇ ಚದರಡಿ. √ ಕಾಣದಿದ್ದರೆ ಫೋನನ್ನ ಅಡ್ಡ ತಿರುಗಿಸಿ ನೋಡಿ.

ರಸ್ತೆ ಕಡೆಯ ತ್ರಿಕೋನ: ಬದಿ 210, 150, 200. ಕೂಡಿದರೆ 560, ಅರ್ಧ 280. ಕಳೆದಾಗ 70, 130, 80.

280 × 70 × 130 × 80 = 20,38,40,000
√ = 14,277 ಚದರಡಿ

ನಮ್ಮ ಹೊಲದ ಕಡೆಯ ತ್ರಿಕೋನ: ಬದಿ 190, 170, 200. ಇದರ ಮೊತ್ತವೂ 560, ಅರ್ಧ 280. ಕಳೆದಾಗ 90, 110, 80.

280 × 90 × 110 × 80 = 22,17,60,000
√ = 14,892 ಚದರಡಿ

ಎರಡೂ ಸೇರಿ 29,169 ಚದರಡಿ. 1089 ರಿಂದ ಭಾಗಿಸಿದರೆ 26.785. ಅಂದರೆ 26 ಗುಂಟೆ 12½ ಆಣೆ. ಸರಾಸರಿ ಲೆಕ್ಕಕ್ಕಿಂತ 2,831 ಚದರಡಿ, ಎರಡು ಗುಂಟೆ ಒಂಬತ್ತೂವರೆ ಆಣೆ ಕಮ್ಮಿ. ದುಡ್ಡಲ್ಲಿ ಆರೂವರೆ ಲಕ್ಷ.

ಹೊಲದಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಬದುವಿನ ಮೇಲೆ ಕೂತಳು. ಅವಳ ಮುಖ ನೋಡೋಕೆ ನನಗೆ ಆಗಲಿಲ್ಲ. ಭಾವ ಮಾತ್ರ ಕೇಳಿದರು, "ಈ ಲೆಕ್ಕ ಸರಿ ಅಂತ ಹೇಗೆ ನಂಬೋದು?" ಕೇಳಬೇಕಾದ ಪ್ರಶ್ನೆಯೇ. ಕೊಳ್ಳೋನು ನಾನು, ಲೆಕ್ಕ ಹಾಕಿದವನೂ ನಾನು.

ಅದಕ್ಕೆ ಒಂದು ಪರೀಕ್ಷೆ ಇದೆ, ಕ್ಯಾಲ್ಕುಲೇಟರ್ ಬೇಡ. ಅಕ್ಕನ ಮಗಳ ಗ್ರಾಫ್ ಹಾಳೆ, ಸ್ಕೇಲು, ಕೈವಾರ ತರಿಸಿದ್ದೆ. 20 ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಭಾವನ ಕೈಯಲ್ಲೇ ಬರೆಸಿದೆ. ಮೊದಲು ಮೂಲೆಯಿಂದ ಮೂಲೆಗೆ 10 ಸೆಂಟಿಮೀಟರ್ ಗೆರೆ. ಅದರ ಒಂದು ತುದಿಯಿಂದ ಕೈವಾರದಲ್ಲಿ 10.5, ಇನ್ನೊಂದು ತುದಿಯಿಂದ 7.5 ಎಳೆದರೆ, ಸೇರಿದ ಜಾಗ ಮೋರಿ ಮೂಲೆ. ಗೆರೆಯ ಈ ಕಡೆ 8.5 ಮತ್ತು 9.5 ಎಳೆದರೆ, ಸೇರಿದ ಜಾಗ ಹೊಂಗೆಮರದ ಮೂಲೆ. ಹೊಲ ಹಾಳೆ ಮೇಲೆ ತನ್ನ ನಿಜವಾದ ಆಕಾರದಲ್ಲಿ ಬಂತು, ವಾಲಿಕೊಂಡು. ಭಾವ ಅದನ್ನ ನೋಡಿ, ತಲೆಯೆತ್ತಿ ಹೊಲ ನೋಡಿ, "ಹೌದಲ್ವಾ, ಹೀಗೇ ಇದೆ" ಅಂದರು.

ಈಗ ಪರೀಕ್ಷೆ. ಮೋರಿ ಮೂಲೆಯಿಂದ ಹೊಂಗೆಮರದ ಮೂಲೆಗೆ, ಅಂದರೆ ನಾವು ಇನ್ನೂ ಅಳೆಯದ ಎರಡನೇ ಕರ್ಣವನ್ನ, ಹಾಳೆ ಮೇಲೆ ಸ್ಕೇಲಿಟ್ಟು ನೋಡಿದೆವು. 15 ಸೆಂಟಿಮೀಟರ್, ಅಂದರೆ 300 ಅಡಿ. ಆಮೇಲೆ ಭಾವನೇ ಟೇಪು ಹಿಡಿದು ಹೊಲದಲ್ಲಿ ಅಳೆದರು. 301 ಅಡಿ ಬಂತು. ಹಾಳೆಯ ಲೆಕ್ಕದಲ್ಲಿ ಒಂದು ಮಿಲಿಮೀಟರೇ ಎರಡು ಅಡಿ, ಆದ್ದರಿಂದ ಇದು ಸರಿ ಅಂತಲೇ ಅರ್ಥ. ಐದು ಅಳತೆಯಲ್ಲಿ ಒಂದು ತಪ್ಪಾಗಿದ್ದರೂ ಈ ಆರನೇದು ಸುಮ್ಮನಿರಲ್ಲ. ಮೊದಲನೇ ಫೋಟೋ ನಂಬಿ ನಾನು 150 ರ ಬದಲು 180 ಅಂತಲೇ ಇಟ್ಟುಕೊಂಡಿದ್ದರೆ, ಹಾಳೆ ಮೇಲೆ ಎರಡನೇ ಕರ್ಣ 318 ಅಡಿ ಬರ್ತಿತ್ತು. ಹೊಲದಲ್ಲಿ 301. ಹದಿನೇಳು ಅಡಿ ವ್ಯತ್ಯಾಸ ಬಂದ ಕೂಡಲೇ ಎಲ್ಲೋ ಒಂದು ಅಂಕಿ ತಪ್ಪು ಅಂತ ಗೊತ್ತಾಗ್ತಿತ್ತು. ಆ ತಪ್ಪನ್ನ ಬಿಟ್ಟಿದ್ದರೆ ವಿಸ್ತೀರ್ಣ 28 ಗುಂಟೆ 14 ಆಣೆ ಬಂದು, ಯಾರಿಗೂ ಅನುಮಾನವೇ ಬರ್ತಿರಲಿಲ್ಲ.

ಎರಡು ಕರ್ಣ ಇದ್ದರೆ ಇನ್ನೊಂದು ಅನುಕೂಲ. ನಮ್ಮ ಹೊಲಕ್ಕೆ ಒಂದು 200, ಇನ್ನೊಂದು 301. ನೇರ ಮೂಲೆಯ ಹೊಲವಾಗಿದ್ದರೆ ಎರಡೂ ಸಮ ಇರಬೇಕಿತ್ತು. ಯಾವ ಹೊಲದಲ್ಲೇ ಆಗಲಿ ಎದುರು ಬದಿಗಳು ಹೆಚ್ಚು ಕಮ್ಮಿ ಸಮವಾಗಿದ್ದು ಎರಡು ಕರ್ಣದ ನಡುವೆ ಇಷ್ಟು ಅಂತರ ಕಂಡರೆ ಸರಾಸರಿ ಲೆಕ್ಕವನ್ನ ಪಕ್ಕಕ್ಕಿಡಿ.

ಕರ್ಣ ಎಷ್ಟು ಜಾಗ್ರತೆಯಾಗಿ ಅಳೀಬೇಕು ಅಂತ ಕೇಳಿದರೆ, ಈ ಹೊಲದಲ್ಲಿ ಕರ್ಣ ಒಂದಡಿ ಹೆಚ್ಚು ಕಮ್ಮಿ ಆದರೆ ಸುಮಾರು 88 ಚದರಡಿ ವ್ಯತ್ಯಾಸ, ಅಂದರೆ ಒಂದೂಕಾಲು ಆಣೆ ಚಿಲ್ಲರೆ. ಇಪ್ಪತ್ತಡಿ ತಪ್ಪಿ 180 ಅಂತ ಬರೆದಿದ್ದರೆ 25 ಗುಂಟೆಗೂ ಒಂದು ಆಣೆ ಕಮ್ಮಿ ಬರ್ತಿತ್ತು. ಅದಕ್ಕೇ ಎರಡು ಸಲ ಹಿಡಿದು, ಎರಡೂ ಹೊಂದಿದರೆ ಮಾತ್ರ ಬರ್ಕೊಳ್ಳಿ.

ಹೊಲದ ನಡುವೆ ಬಾವಿಯೋ ಮನೆಯೋ ತೋಟವೋ ಇದ್ದು ಟೇಪು ಹೋಗದಿದ್ದರೆ ಇನ್ನೊಂದು ಕರ್ಣ ಹಿಡೀರಿ, ಲೆಕ್ಕಕ್ಕೆ ಯಾವುದಾದರೂ ಒಂದು ಸಾಕು. ಎರಡೂ ಆಗದಿದ್ದರೆ ನಾಲ್ಕೂ ಮೂಲೆ ಕಾಣೋ ಕಡೆ ಹೊಲದೊಳಗೆ ಒಂದು ಗೂಟ ಹೊಡೆದು, ಅಲ್ಲಿಂದ ನಾಲ್ಕೂ ಮೂಲೆಗೆ ಅಳೀರಿ. ನಾಲ್ಕು ತ್ರಿಕೋನ ಆಗುತ್ತೆ, ಲೆಕ್ಕ ಅದೇ. ಬದು ನಡುವೆ ಡೊಂಕಿದ್ದರೆ ಆ ಡೊಂಕನ್ನೂ ಒಂದು ಮೂಲೆ ಅಂತ ಹಿಡಿದು ಇನ್ನೊಂದು ತ್ರಿಕೋನ ಸೇರಿಸಿ. ಸರ್ವೆಯ ಹಳೇ ಟಿಪ್ಪಣಿ ನೋಡಿದವರಿಗೆ ಗೊತ್ತಿರುತ್ತೆ, ಅದರಲ್ಲೂ ಸುತ್ತಲಿನ ಅಳತೆ ಮಾತ್ರ ಇರಲ್ಲ. ಹೊಲದೊಳಗೆ ಒಂದು ಗೆರೆ ಎಳೆದು, ಅದರಿಂದ ಎಡಕ್ಕೆ ಬಲಕ್ಕೆ ಮೂಲೆಗಳಿಗೆ ಎಷ್ಟು ಅಂತ ಬರೆದಿರ್ತಾರೆ. ಒಳಗಿನ ಅಳತೆ ಇಲ್ಲದ ನಕ್ಷೆಯಿಂದ ಹೊಲದ ಆಕಾರ ಮತ್ತೆ ಹುಟ್ಟಿಸೋಕೆ ಆಗಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಇಷ್ಟೆಲ್ಲಾ ಮಾಡಿದರೂ ಇದು ಮಾತುಕತೆಗೆ ಕೂರೋ ಮುಂಚಿನ ಲೆಕ್ಕ ಅನ್ನೋದು ನೆನಪಿರಲಿ. ಸರ್ವೆ ನಂಬರಿನ ಒಂದು ಭಾಗ ಕ್ರಯ ಆಗಬೇಕಾದರೆ 11ಇ ನಕ್ಷೆ ಬೇಕೇ ಬೇಕು, ಭೂಮಾಪಕರು ಬಂದು ಅಳೆದು ಬರೆದ ವಿಸ್ತೀರ್ಣವೇ ಕಾಗದಕ್ಕೆ ಹೋಗೋದು. ಖರಾಬು ಇದ್ದರೆ ಅದೂ ಬೇರೆ ಆಗುತ್ತೆ. ನಮ್ಮ ಚೀಟಿ, ಫೋಟೋ, ಗ್ರಾಫ್ ಹಾಳೆ ಯಾವುದೂ ಅದರ ಬದಲು ನಿಲ್ಲಲ್ಲ. ಆದರೆ 29 ಗುಂಟೆ ಲೆಕ್ಕದಲ್ಲಿ ಮುಂಗಡ ಕೊಟ್ಟು ತಗೊಂಡು, ಆಮೇಲೆ ನಕ್ಷೆಯಲ್ಲಿ 26 ಅಂತ ಬಂದಾಗ ಆಗೋ ಜಗಳ ಇದರಿಂದ ತಪ್ಪುತ್ತೆ.

ಆ ಸಂಜೆ ನಮ್ಮ ಮನೇಲಿ ಊಟಕ್ಕೆ ಕೂತಾಗ ಅಕ್ಕ ಅಂದಳು, "ಆರೂವರೆ ಲಕ್ಷ ಹೋಯ್ತಲ್ಲ ಅಂತ ಹೊಟ್ಟೆ ಉರೀತು ಕಣೋ. ಆಮೇಲೆ ಯೋಚನೆ ಮಾಡಿದೆ, ಇಲ್ಲದ ನೆಲ ಹೋಗೋದು ಹೇಗೆ?" ಭಾವ ನಕ್ಕರು. ಮಗಳ ಓದಿನ ಖರ್ಚಿಗೆ ಇಷ್ಟೇ ಬರುತ್ತೆ ಅಂತ ಅವರು ಲೆಕ್ಕ ಹಾಕಿಟ್ಟಿದ್ದರು, ಅದು ಈಗ ಕಮ್ಮಿ ಬಿತ್ತು ಅನ್ನೋದು ನಿಜ. ಅದಕ್ಕೆ ನಾನು ದುಡ್ಡನ್ನ ಎರಡು ಕಂತಲ್ಲಿ ಕೊಡೋ ಮಾತು ಬಿಟ್ಟು, ಕ್ರಯದ ದಿನವೇ ಪೂರ್ತಿ ಕೊಡ್ತೀನಿ ಅಂತ ಒಪ್ಕೊಂಡೆ. ಗುಂಟೆಗೆ ಎರಡೂವರೆ ಲಕ್ಷ ಹಾಗೇ ಇದೆ, ಗುಂಟೆ ಎಷ್ಟು ಅನ್ನೋದು 11ಇ ನಕ್ಷೆಯಲ್ಲಿ ಬಂದಷ್ಟು ಅಂತ ಬರೆದುಕೊಂಡೆವು. ಅರ್ಜಿ ಹಾಕಿದ್ದೀವಿ, ಭೂಮಾಪಕರು ಬರೋದನ್ನ ಕಾಯ್ತಿದ್ದೀವಿ.

ಭಾವ ಹೊರಡೋ ಮುಂಚೆ ತಂದೆಯವರ ಆ ಚೀಟಿ ತೆಗೆದು, ಹುಣಸೆಮರದ ಮೂಲೆಯಿಂದ ಹಳ್ಳದ ಮೂಲೆಗೆ ಪೆನ್ನಲ್ಲಿ ಒಂದು ಗೆರೆ ಎಳೆದು 200 ಅಂತ ಬರೆದರು. ಇನ್ನೊಂದು ಗೆರೆ ಎಳೆದು 301 ಅಂತ ಬರೆದರು. ಕೆಳಗೆ ತಾರೀಖು ಹಾಕಿದರು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದ್ದೊಂದು ಚೀಟಿ ಇರುತ್ತೆ. ಹಿರಿಯರು ಇದ್ದಾಗಲೇ, ಹೊಲ ಬಯಲಿದ್ದಾಗಲೇ, ಪಕ್ಕದವರನ್ನೂ ಕರ್ಕೊಂಡು ಹೋಗಿ ಆ ಎರಡು ಗೆರೆ ಅಳೆದು ಬರೆದಿಡಿ. ಒಂದು ಬೆಳಗಿನ ಕೆಲಸ ಅಷ್ಟೇ.

ಲೆಕ್ಕದಲ್ಲಿ ಎಲ್ಲಾದರೂ ಅನುಮಾನ ಇದ್ದರೆ ನಿಮ್ಮ ನಾಲ್ಕು ಬದಿ ಮತ್ತು ಒಂದು ಕರ್ಣ ಬರ್ಕೊಂಡು ಸಂಜೆ ಹೊತ್ತು ಹಾಲಿನ ಡೇರಿ ಹತ್ತಿರ ಸಿಗಿ, ಕೂತು ಹಾಕೋಣ. ಕರ್ಣ ಇಲ್ಲದೇ ಮಾತ್ರ ಬರಬೇಡಿ!